ನಷ್ಟದ ಶೇರು ಮಾರುವ ಮೊದಲು: ಆ ನಷ್ಟ ಯಾವ ಲಾಭವನ್ನು ತಿನ್ನುತ್ತದೆ?

(ಗಂಗಾವತಿಯಲ್ಲಿ ವ್ಯಾಪಾರಸ್ಥರು ಮತ್ತು ನೌಕರರ ಮುಂದೆ ಮಾರ್ಚ್ ತಿಂಗಳಲ್ಲಿ ಆಡಿದ ಮಾತುಗಳ ಬರಹ ರೂಪ. ಇಲ್ಲಿರುವ ದರ, ಮಿತಿಗಳೆಲ್ಲ 2025-26ರ ಹಣಕಾಸು ವರ್ಷದವು.)

ಎಲ್ಲರಿಗೂ ನಮಸ್ಕಾರ.

ಮಾರ್ಚ್ ಬಂತೆಂದರೆ ಶೇರು ಆಪ್‌ಗಳಲ್ಲಿ ಒಂದು ಸೂಚನೆ ಕಾಣಿಸುತ್ತದೆ. ನಿಮ್ಮ ಖಾತೆಯಲ್ಲಿ ಇಷ್ಟು ಸಾವಿರ ರೂಪಾಯಿ ನಷ್ಟದ ಶೇರುಗಳಿವೆ, ಮಾರಿದರೆ ತೆರಿಗೆ ಉಳಿಸಬಹುದು, ಅಂತ. ಇದಕ್ಕೆ ಟ್ಯಾಕ್ಸ್ ಲಾಸ್ ಹಾರ್ವೆಸ್ಟಿಂಗ್ ಅನ್ನುತ್ತಾರೆ. ಬೆಲೆ ಬಿದ್ದ ಶೇರನ್ನು ಮಾರುವುದು, ಆ ನಷ್ಟವನ್ನು ಈ ವರ್ಷ ಬಂದ ಲಾಭದಿಂದ ಕಳೆಯುವುದು, ಉಳಿದ ಲಾಭಕ್ಕೆ ಮಾತ್ರ ತೆರಿಗೆ ಕಟ್ಟುವುದು. ಶೇರು ಬೇಕಿದ್ದರೆ ಆಮೇಲೆ ಅದನ್ನೇ ಮತ್ತೆ ಕೊಳ್ಳುವುದು. ಕಾನೂನು ಇದನ್ನು ಒಪ್ಪುತ್ತದೆ. ಅಮೆರಿಕದಲ್ಲಿ ಹೀಗೆ ಮಾರಿದ ಶೇರನ್ನು 30 ದಿನದೊಳಗೆ ಮತ್ತೆ ಕೊಂಡರೆ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮಲ್ಲಿ ಅಂಥ 30 ದಿನದ ನಿಯಮ ಇಲ್ಲ.

ರಿಟರ್ನ್ ಹಾಕುವ ಕೆಲಸ ಮಾಡುವ ನನ್ನ ಬಳಿ ಜನ ತರುವ ಪ್ರಶ್ನೆ ಸಾಮಾನ್ಯವಾಗಿ ‘ಎಷ್ಟು ನಷ್ಟ ತೋರಿಸಬಹುದು’ ಅನ್ನುವುದು. ಅದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ. ನೀವು ಮಾರಿದ ನಷ್ಟ ಯಾವ ಲಾಭವನ್ನು ತಿನ್ನುತ್ತದೆ? ತೆರಿಗೆ ಬೀಳುವ ಲಾಭವನ್ನೋ, ಮೊದಲೇ ತೆರಿಗೆ ಇಲ್ಲದ ಲಾಭವನ್ನೋ? ಆಪ್ ಅದನ್ನು ಸರಿಯಾಗಿ ಹೇಳಲಾರದು. ನಿಮ್ಮ ಬೇರೆ ಆದಾಯ ಎಷ್ಟು, ಬೇರೆ ಕಡೆ ಇನ್ನೊಂದು ಡಿಮ್ಯಾಟ್ ಖಾತೆ ಇದೆಯಾ, ಮ್ಯೂಚುವಲ್ ಫಂಡ್ ಮಾರಿದ್ದೀರಾ, ಇದೆಲ್ಲ ಅದಕ್ಕೆ ಗೊತ್ತಿರುವುದಿಲ್ಲ.

ಮೊದಲು ನಿಯಮ ನೋಡೋಣ. ಲಿಸ್ಟ್ ಆದ ಶೇರನ್ನು ಅಥವಾ ಈಕ್ವಿಟಿ ಫಂಡನ್ನು 12 ತಿಂಗಳೊಳಗೆ ಮಾರಿದರೆ ಅದು ಅಲ್ಪಾವಧಿ. ಲಾಭಕ್ಕೆ ಶೇಕಡ 20 ತೆರಿಗೆ. 12 ತಿಂಗಳು ದಾಟಿದ ಮೇಲೆ ಮಾರಿದರೆ ದೀರ್ಘಾವಧಿ. ಅದರಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇಕಡ 12.5. ಎರಡಕ್ಕೂ ಮೇಲೆ ಶೇಕಡ 4 ಸೆಸ್. ಈ ದರಗಳು ಬಂದದ್ದು 2024ರ ಜುಲೈ 23ರಿಂದ.

ನಷ್ಟದ ನಿಯಮ ಸ್ವಲ್ಪ ಬೇರೆ. ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಲಾಭದಿಂದ ಕಳೆಯಬಹುದು. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಿಂದ ಮಾತ್ರ ಕಳೆಯಬಹುದು. ಅಂದರೆ ನಿಮ್ಮ ಹತ್ತಿರ ಬಿದ್ದ ಶೇರೊಂದು 11 ತಿಂಗಳು ಹಳೆಯದಾಗಿದ್ದರೆ, ಅದರ ನಷ್ಟಕ್ಕೆ ಈಗ ಇರುವ ಬೆಲೆ ಇನ್ನೊಂದು ತಿಂಗಳಾದ ಮೇಲೆ ಇರುವುದಿಲ್ಲ. ಇಂದು ಶೇಕಡ 20ರ ಲಾಭವನ್ನು ತಿನ್ನಬಲ್ಲ ನಷ್ಟ ಆಮೇಲೆ ಅದನ್ನು ಮುಟ್ಟಲಾರದು.

ಇಷ್ಟು ಹೇಳುವಾಗಲೇ ಮುಂದಿನ ಸಾಲಿನಲ್ಲಿದ್ದ ಸಾವ್ಕಾರರೊಬ್ಬರು ಕೈ ಎತ್ತಿದರು. “ಸರ್, ನಮ್ಮ ಮಿಲ್ಲಿನ್ಯಾಗ ಈ ವರ್ಷ ಲಾಭ ಐತಿ. ಶೇರಿನ್ಯಾಗ ಲಾಸ್ ಆಗೈತಿ. ಒಂದ್ರಾಗ ಒಂದು ಕಳದುಬಿಟ್ರ ಆತಲ್ಲ?”

ಆಗುವುದಿಲ್ಲ. ಶೇರು ಮಾರಿದ ಬಂಡವಾಳ ನಷ್ಟ ಬಂಡವಾಳ ಲಾಭವನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಮಿಲ್ಲಿನ ಲಾಭ, ದಲಾಲಿ ಅಂಗಡಿಯ ಕಮಿಷನ್, ಸಂಬಳ, ಮನೆ ಬಾಡಿಗೆ, ಬ್ಯಾಂಕಿನ ಬಡ್ಡಿ, ಯಾವುದರಿಂದಲೂ ಅದನ್ನು ಕಳೆಯುವಂತಿಲ್ಲ. ಈ ವರ್ಷ ನೀವು ಲಾಭದಲ್ಲಿ ಏನೂ ಮಾರಿಲ್ಲ ಅಂದರೆ ಈ ಮಾರ್ಚ್‌ನಲ್ಲಿ ನಷ್ಟ ಮಾರಿ ಈ ವರ್ಷದ ತೆರಿಗೆ ಒಂದು ರೂಪಾಯಿಯೂ ಕಡಿಮೆ ಆಗುವುದಿಲ್ಲ. ನಷ್ಟವನ್ನು ಮುಂದಕ್ಕೆ ಒಯ್ಯಬಹುದು ಅಷ್ಟೆ. ಅದರ ಮಾತು ಆಮೇಲೆ.

ಈಗ ಒಂದು ಲೆಕ್ಕ. ಗಿಣಿಗೇರಾ ಕಡೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಎಂಜಿನಿಯರ್ ಅಂದುಕೊಳ್ಳಿ. ಸಂಬಳ ವರ್ಷಕ್ಕೆ 16 ಲಕ್ಷ. ಈ ವರ್ಷ ಒಂದು ಶೇರಿನಲ್ಲಿ 80,000 ಅಲ್ಪಾವಧಿ ಲಾಭ ಮಾಡಿದ್ದಾರೆ. ಹಳೆಯ ಈಕ್ವಿಟಿ ಫಂಡ್ ಮಾರಿ 1,10,000 ದೀರ್ಘಾವಧಿ ಲಾಭ ಬಂದಿದೆ. ಇನ್ನೊಂದು ಕಡೆ, ಜುಲೈನಲ್ಲಿ 500 ರೂಪಾಯಿಯಂತೆ 400 ಶೇರು ಕೊಂಡಿದ್ದರು. ಈಗ ಅದು 350. ಎರಡು ಲಕ್ಷ ಹಾಕಿದ್ದು 1,40,000 ಆಗಿ ಕೂತಿದೆ. ನಷ್ಟ 60,000.

ಏನೂ ಮಾಡದಿದ್ದರೆ 80,000ಕ್ಕೆ ಶೇಕಡ 20, ಸೆಸ್ ಸೇರಿ 16,640 ತೆರಿಗೆ. ದೀರ್ಘಾವಧಿ ಲಾಭ 1.25 ಲಕ್ಷದೊಳಗೆ ಇರುವುದರಿಂದ ಅದಕ್ಕೆ ತೆರಿಗೆ ಇಲ್ಲ. ಬಿದ್ದ ಶೇರನ್ನು ಮಾರಿದರೆ ಅಲ್ಪಾವಧಿ ಲಾಭ 20,000ಕ್ಕೆ ಇಳಿಯುತ್ತದೆ. ತೆರಿಗೆ 4,160. ಉಳಿದದ್ದು 12,480. ಇಲ್ಲಿ ಕೆಲಸ ಆಯಿತು.

ಇವರ ಹತ್ತಿರ ಇನ್ನೊಂದು ಶೇರಿನಲ್ಲೂ 60,000 ಅಲ್ಪಾವಧಿ ನಷ್ಟ ಇದೆ ಅನ್ನಿ. ಆಪ್ ಎರಡನ್ನೂ ಕೂಡಿಸಿ 1,20,000 ಅಂತ ತೋರಿಸುತ್ತದೆ. ಎರಡನ್ನೂ ಪೂರ್ತಿ ಮಾರಿದರೆ ಏನಾಗುತ್ತದೆ? ಮೊದಲ 80,000 ನಷ್ಟ ಅಲ್ಪಾವಧಿ ಲಾಭವನ್ನು ಪೂರ್ತಿ ತಿನ್ನುತ್ತದೆ. ಉಳಿದ 40,000 ಸುಮ್ನೆ ಕೂರುವುದಿಲ್ಲ. ಅದು ದೀರ್ಘಾವಧಿ ಲಾಭಕ್ಕೆ ಬಾಯಿ ಹಾಕುತ್ತದೆ. 1,10,000 ಹೋಗಿ 70,000 ಆಗುತ್ತದೆ. ಆದರೆ ಆ 1,10,000ಕ್ಕೆ ತೆರಿಗೆಯೇ ಇರಲಿಲ್ಲವಲ್ಲ! 40,000 ರೂಪಾಯಿ ನಷ್ಟ ಯಾರಿಗೂ ಉಪಯೋಗವಿಲ್ಲದೆ ಕರಗಿತು.

ಹೀಗಾಗಲು ಕಾರಣ ಲೆಕ್ಕ ನಡೆಯುವ ಕ್ರಮ. ಮೊದಲು ನಷ್ಟ ಕಳೆಯುತ್ತಾರೆ, ಆಮೇಲೆ ಉಳಿದ ಲಾಭಕ್ಕೆ 1.25 ಲಕ್ಷದ ವಿನಾಯಿತಿ ಹಚ್ಚುತ್ತಾರೆ. ‘ನನ್ನ ವಿನಾಯಿತಿ ಮೊದಲು ಬಳಸಿಕೊಳ್ಳುತ್ತೇನೆ, ನಷ್ಟವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತೇನೆ’ ಅನ್ನುವ ಆಯ್ಕೆ ನಮಗಿಲ್ಲ. ಅದೇ ವರ್ಷದ ಲಾಭ ಇರುವತನಕ ನಷ್ಟ ಅದನ್ನು ತಿನ್ನಲೇಬೇಕು.

ಆದ್ದರಿಂದ ಮಾರಬೇಕಾದ ನಷ್ಟಕ್ಕೆ ಒಂದು ಮೇಲ್ಮಿತಿ ಇದೆ. ಈ ವರ್ಷದ ಅಲ್ಪಾವಧಿ ಲಾಭ, ಅದರ ಜೊತೆ ದೀರ್ಘಾವಧಿ ಲಾಭದಲ್ಲಿ 1.25 ಲಕ್ಷ ದಾಟಿದ ಭಾಗ. ಅಷ್ಟಕ್ಕೇ ನಿಲ್ಲಿಸಬೇಕು. ನಮ್ಮ ಎಂಜಿನಿಯರ್ ವಿಷಯದಲ್ಲಿ ಅದು 80,000. ಮೊದಲ ಶೇರು ಪೂರ್ತಿ, ಎರಡನೆಯದರಲ್ಲಿ ಮೂರನೇ ಒಂದು ಭಾಗ. ಉಳಿದದ್ದನ್ನು ಮುಟ್ಟಬಾರದು. ಮಾರದ ನಷ್ಟ ಮುಂದಿನ ವರ್ಷಕ್ಕೆ ತಾನಾಗಿಯೇ ಉಳಿದುಕೊಳ್ಳುತ್ತದೆ.

ಈಗ ಅವರ ಮನೆಯವರ ಖಾತೆ ನೋಡಿ. ಅವರೂ ಕೆಲಸದಲ್ಲಿದ್ದಾರೆ, ತಮ್ಮ ದುಡ್ಡಿನಲ್ಲೇ ಹೂಡಿಕೆ ಮಾಡುತ್ತಾರೆ. ಅಲ್ಪಾವಧಿ ಲಾಭ ಏನೂ ಇಲ್ಲ. ದೀರ್ಘಾವಧಿ ಲಾಭ 1,10,000. ಅದೇ ಶೇರಿನಲ್ಲಿ ಅದೇ 60,000 ನಷ್ಟ. ಯಜಮಾನರು ಮಾಡಿದರು ಅಂತ ಇವರೂ ಮಾರಿ ಮತ್ತೆ ಕೊಂಡರು. ಮಾರುವ ಮೊದಲು ತೆರಿಗೆ ಸೊನ್ನೆ, ಮಾರಿದ ಮೇಲೂ ಸೊನ್ನೆ. ನಷ್ಟ ಮುಂದಕ್ಕೂ ಹೋಗಲಿಲ್ಲ, 1,10,000ರೊಳಗೇ ಮುಗಿಯಿತು. ಇಷ್ಟೇ ಆಗಿದ್ದರೆ ‘ಹೋಗಲಿ ಬಿಡು’ ಅನ್ನಬಹುದಿತ್ತು. ಆದರೆ ಅವರ ಶೇರಿನ ಖರೀದಿ ಬೆಲೆ ಈಗ 500 ಅಲ್ಲ, 350. ಆರು ತಿಂಗಳಲ್ಲಿ ಅದು 500ಕ್ಕೆ ಏರಿ ಇವರು ಮಾರಿದರೆ ಪುಸ್ತಕದಲ್ಲಿ 60,000 ಅಲ್ಪಾವಧಿ ಲಾಭ, 12,480 ತೆರಿಗೆ. ಸುಮ್ನೆ ಕೂತಿದ್ದರೆ ಹಾಕಿದ ದುಡ್ಡು ಹಾಕಿದಷ್ಟಕ್ಕೇ ಬರುತ್ತಿತ್ತು, ತೆರಿಗೆ ಇರುತ್ತಿರಲಿಲ್ಲ. ಇದು ಉಪಯೋಗವಿಲ್ಲದ ಕೆಲಸ ಮಾತ್ರ ಅಲ್ಲ, ಕೈಯಿಂದ ದುಡ್ಡು ಹೋಗುವ ಕೆಲಸ.

ಇವರಿಗೆ ಬೇಕಿದ್ದದ್ದು ತಿರುಗಾಮುರುಗಾ. ವಿನಾಯಿತಿಯಲ್ಲಿ ಇನ್ನೂ 15,000 ಬಾಕಿ ಇತ್ತು. ದೀರ್ಘಾವಧಿ ಲಾಭದಲ್ಲಿರುವ ಬೇರೆ ಯಾವುದಾದರೂ ಫಂಡನ್ನು 15,000 ಲಾಭ ಬರುವಷ್ಟು ಮಾರಿ ಮತ್ತೆ ಕೊಂಡಿದ್ದರೆ, ಆ ಲಾಭ ತೆರಿಗೆ ಇಲ್ಲದೆ ಕೈಗೆ ಬಂದು ಖರೀದಿ ಬೆಲೆಯೂ ಮೇಲೆ ಹೋಗುತ್ತಿತ್ತು.

ಖರೀದಿ ಬೆಲೆಯ ಮಾತು ಬಂದದ್ದರಿಂದ ಎಂಜಿನಿಯರ್ ಹತ್ತಿರ ಮತ್ತೆ ಹೋಗೋಣ. ಅವರು ಉಳಿಸಿದ 12,480 ಪೂರ್ತಿ ಅವರದೇನಾ? ಅವರೂ 350ಕ್ಕೆ ಮತ್ತೆ ಕೊಂಡಿದ್ದಾರೆ. ಹೊಸ ಖರೀದಿ ಅಂದರೆ 12 ತಿಂಗಳ ಲೆಕ್ಕವೂ ಹೊಸದಾಗಿ ಶುರು. ಹಳೆಯ ಶೇರು ಇಟ್ಟುಕೊಂಡಿದ್ದರೆ ಜುಲೈಗೆ ದೀರ್ಘಾವಧಿ ಆಗುತ್ತಿತ್ತು. ಈಗ ಮುಂದಿನ ಮಾರ್ಚ್‌ವರೆಗೆ ಕಾಯಬೇಕು.

ಶೇರು 500ಕ್ಕೆ ಮರಳಿತು ಅನ್ನಿ. ವರ್ಷದೊಳಗೆ ಮಾರಿದರೆ 60,000ಕ್ಕೆ ಮತ್ತೆ ಶೇಕಡ 20, ಅದೇ 12,480 ವಾಪಸ್. ಅವರಿಗೆ ಸಿಕ್ಕದ್ದು ಆ ದುಡ್ಡು ಕೆಲವು ತಿಂಗಳು ಕೈಯಲ್ಲಿ ಇದ್ದ ಅನುಕೂಲ ಮಾತ್ರ. ಎಫ್‌ಡಿ ಬಡ್ಡಿ ಶೇಕಡ 7 ಅಂತ ಹಿಡಿದರೂ ಪೂರ್ತಿ ವರ್ಷಕ್ಕೆ 870 ರೂಪಾಯಿ ಆಸುಪಾಸು. ವರ್ಷ ದಾಟಿದ ಮೇಲೆ, ಬೇರೆ ಲಾಭದಿಂದ ವಿನಾಯಿತಿ ಆಗಲೇ ಮುಗಿದಿರುವ ವರ್ಷ ಮಾರಿದರೆ 7,800 ಕಟ್ಟಬೇಕು. ನಿಜವಾದ ಉಳಿತಾಯ 4,680. ವಿನಾಯಿತಿಯೊಳಗೆ ಹಿಡಿಯುವ ವರ್ಷ ಮಾರಿದರೆ ಮಾತ್ರ 12,480 ಪೂರ್ತಿ ಉಳಿಯಿತು ಅನ್ನಬಹುದು.

ಇದನ್ನೇ ತಲೆಕೆಳಗು ಮಾಡಿ. ಒಬ್ಬರ ಹತ್ತಿರ ದೀರ್ಘಾವಧಿ ನಷ್ಟ 60,000 ಇದೆ. ಅದನ್ನು 1.25 ಲಕ್ಷ ದಾಟಿದ ದೀರ್ಘಾವಧಿ ಲಾಭದಿಂದ ಕಳೆದು 7,800 ಉಳಿಸಿದರು. ಮತ್ತೆ ಕೊಂಡರು. ಎಂಟು ತಿಂಗಳಲ್ಲಿ ಬೆಲೆ ಹಳೆಯ ಮಟ್ಟಕ್ಕೆ ಬಂತು, ದುಡ್ಡಿನ ಅವಸರವೂ ಬಂತು, ಮಾರಿದರು. ಈಗ ಅಲ್ಪಾವಧಿ, 12,480. ಉಳಿಸಿದ್ದಕ್ಕಿಂತ ಕೊಟ್ಟದ್ದೇ ಜಾಸ್ತಿ. ವರ್ಷದೊಳಗೆ ಮನೆ ಕಟ್ಟುವುದೋ ಮದುವೆಯೋ ಇದೆ, ಆ ಶೇರನ್ನು ಮಾರಲೇಬೇಕು ಅಂತ ಗೊತ್ತಿದ್ದವರು ಈ ಬಗೆಯ ಮಾರಾಟಕ್ಕೆ ಕೈ ಹಾಕಬಾರದು.

ಖರ್ಚೂ ಇದೆ. ಮಾರುವಾಗ ಶೇಕಡ 0.1 ಎಸ್‌ಟಿಟಿ ಅನ್ನುವ ಶೇರು ವ್ಯವಹಾರದ ತೆರಿಗೆ, ಮತ್ತೆ ಕೊಳ್ಳುವಾಗ ಇನ್ನೊಂದು 0.1. ಕೊಳ್ಳುವಾಗ ಶೇಕಡ 0.015 ಸ್ಟಾಂಪ್ ಶುಲ್ಕ. 1,40,000ಕ್ಕೆ ಇವೇ 301 ರೂಪಾಯಿ. ಡಿಪಿ ಶುಲ್ಕ, ಚಿಲ್ಲರೆ ಶುಲ್ಕ ಸೇರಿದರೆ 350ರ ಹತ್ತಿರ. ನಿಮ್ಮ ಬ್ರೋಕರ್ ಡೆಲಿವರಿಗೆ ಶೇಕಡ 0.4 ತೆಗೆದುಕೊಳ್ಳುವವರಾದರೆ ಎರಡು ಕಡೆಯ ಬ್ರೋಕರೇಜ್, ಅದರ ಮೇಲಿನ ಜಿಎಸ್‌ಟಿ ಕೂಡಿ ಒಟ್ಟು 1,600 ದಾಟುತ್ತದೆ. ಎಸ್‌ಟಿಟಿಯನ್ನು ಲಾಭದಿಂದ ಕಳೆಯಲೂ ಬಿಡುವುದಿಲ್ಲ. 12,480 ಉಳಿಯುವಾಗ ಇದು ದೊಡ್ಡದಲ್ಲ. ಮೇಲೆ ಹೇಳಿದ 870 ರೂಪಾಯಿ ಅನುಕೂಲಕ್ಕೆ ಹೋಲಿಸಿದರೆ ಗಿಟ್ಟುವುದಿಲ್ಲ.

ಮಾರುವ ರೀತಿಯಲ್ಲಿ ಎರಡು ಕಡೆ ಜನ ಎಡವುತ್ತಾರೆ.

ಮೊದಲನೆಯದು ಬೆಳಿಗ್ಗೆ ಮಾರಿ ಅವತ್ತೇ ಮಧ್ಯಾಹ್ನ ಅದೇ ಎಕ್ಸ್‌ಚೇಂಜ್‌ನಲ್ಲಿ ಅದೇ ಖಾತೆಗೆ ಕೊಳ್ಳುವುದು. ಒಂದೇ ದಿನದ ಮಾರಾಟ ಮತ್ತು ಖರೀದಿ ಒಂದಕ್ಕೊಂದು ವಜಾ ಆಗಿ ಇಂಟ್ರಾಡೇ ಆಗುತ್ತದೆ. ನಿಮ್ಮ ಹಳೆಯ ಶೇರು ಡಿಮ್ಯಾಟ್‌ನಿಂದ ಹೊರಗೆ ಹೋಗಲೇ ಇಲ್ಲ, 500ರ ಖರೀದಿ ಬೆಲೆ ಹಾಗೆಯೇ ಇದೆ, 60,000 ನಷ್ಟ ಹುಟ್ಟಲೇ ಇಲ್ಲ. ಕಾಂಟ್ರ್ಯಾಕ್ಟ್ ನೋಟ್ ನೋಡಿದರೆ ಎರಡೂ ವ್ಯವಹಾರ ಇರುತ್ತವೆ, ಅದಕ್ಕೇ ಮೋಸ ಹೋಗುತ್ತಾರೆ. ನೋಡಬೇಕಾದ್ದು ಬ್ರೋಕರ್ ಕೊಡುವ ಟ್ಯಾಕ್ಸ್ ಪಿ ಆ್ಯಂಡ್ ಎಲ್ ವರದಿ. ನಿಮ್ಮ ಮಾರಾಟ ಅದರಲ್ಲಿ ಇಂಟ್ರಾಡೇ ಅಥವಾ ಸ್ಪೆಕ್ಯುಲೇಟಿವ್ ಅನ್ನುವ ಕಡೆ ಕೂತಿದ್ದರೆ ಕೆಲಸ ಆಗಿಲ್ಲ. ಇವತ್ತು ಮಾರಿ, ಮಾರುಕಟ್ಟೆ ಮುಂದೆ ತೆರೆಯುವ ದಿನ ಕೊಳ್ಳಬೇಕು. ಆ ಒಂದು ರಾತ್ರಿಯಲ್ಲಿ ಬೆಲೆ ಏರುವ ಅಪಾಯ ನಿಮ್ಮದು. 350ರ ಶೇರು ಶೇಕಡ 3 ಮೇಲೆ ತೆರೆದರೂ 4,200 ರೂಪಾಯಿ ಜಾಸ್ತಿ ಕೊಡಬೇಕು. ಉಳಿಸಿದ್ದರಲ್ಲಿ ಮೂರನೇ ಒಂದು ಭಾಗ ಅಲ್ಲೇ ಹೋಯಿತು. ಹಾಗಾಗಿ ಕಂಪನಿಯ ಫಲಿತಾಂಶ ಪ್ರಕಟವಾಗುವ ದಿನ ಯಾರೂ ಇದನ್ನು ಮಾಡಬಾರದು.

ಎರಡನೆಯದು ಒಂದೇ ಶೇರನ್ನು ಬೇರೆ ಬೇರೆ ಕಾಲದಲ್ಲಿ ಕೊಂಡವರಿಗೆ. 2021ರಲ್ಲಿ 300ರಂತೆ 100 ಶೇರು, 2025ರಲ್ಲಿ 900ರಂತೆ ಇನ್ನೂ 100. ಈಗ ಬೆಲೆ 600. ‘900ಕ್ಕೆ ಕೊಂಡದ್ದನ್ನು ಮಾರಿ 30,000 ನಷ್ಟ ತೋರಿಸುತ್ತೇನೆ’ ಅಂತ 100 ಶೇರು ಮಾರುತ್ತಾರೆ. ನಮ್ಮ ಅಕ್ಕಿ ಗೋದಾಮಿನಲ್ಲಿ ಮೊದಲು ಬಂದ ಚೀಲ ಮೊದಲು ಹೊರಗೆ ಹೋಗುವ ಹಾಗೆ, ಡಿಮ್ಯಾಟ್‌ನಲ್ಲೂ ಮೊದಲು ಬಂದ ಶೇರೇ ಮೊದಲು ಹೋಯಿತು ಅಂತ ಕಾನೂನು ಹಿಡಿಯುತ್ತದೆ. ಹೋದದ್ದು 2021ರ ಶೇರು. ನಷ್ಟದ ಬದಲು 30,000 ದೀರ್ಘಾವಧಿ ಲಾಭ ಬಂತು. 900ರ ಶೇರಿನ ನಷ್ಟ ಬೇಕಿದ್ದರೆ 200ನ್ನೂ ಮಾರಬೇಕು. ಎರಡನೇ ಸಲ ಕೊಂಡದ್ದು ಬೇರೆ ಡಿಮ್ಯಾಟ್ ಖಾತೆಯಲ್ಲಿದ್ದರೆ ಈ ತೊಡಕಿಲ್ಲ, ಯಾಕೆಂದರೆ ಲೆಕ್ಕ ಖಾತೆಯಿಂದ ಖಾತೆಗೆ ಬೇರೆ.

ಇನ್ನು ತೆರಿಗೆಯೇ ಬೀಳದವರ ಮಾತು. ನಮ್ಮ ಕಡೆ ಇಂಥವರು ಬಹಳ. ಕಾರಟಗಿ ಕಡೆಯ ಒಬ್ಬ ರೈತರು ಅನ್ನಿ. ಭತ್ತದ ಆದಾಯಕ್ಕೆ ತೆರಿಗೆ ಇಲ್ಲ. ಅದನ್ನು ಬಿಟ್ಟರೆ ಶೇರಿನಲ್ಲಿ 1,50,000 ಅಲ್ಪಾವಧಿ ಲಾಭ, ಬ್ಯಾಂಕಿನ ಸ್ವಲ್ಪ ಬಡ್ಡಿ. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಭಾರತದಲ್ಲೇ ವಾಸವಿರುವವರು ಈ ಮಿತಿಯಲ್ಲಿ ಬಳಸದೆ ಉಳಿದ ಭಾಗವನ್ನು ಶೇರಿನ ಲಾಭಕ್ಕೂ ಹಚ್ಚಿಕೊಳ್ಳಬಹುದು. ಹಾಗಾಗಿ ಇವರ ತೆರಿಗೆ ಸೊನ್ನೆ. ಇವರು ನಷ್ಟ ಮಾರಿದರೆ ಲಾಭ ಬ್ರೋಕರ್‌ಗೆ ಮಾತ್ರ.

ಇದನ್ನು 12 ಲಕ್ಷದ ಮಾತಿನ ಜೊತೆ ಬೆರೆಸಬೇಡಿ. ‘12 ಲಕ್ಷದವರೆಗೆ ತೆರಿಗೆ ಇಲ್ಲ ಅಂತ ಬಜೆಟ್‌ನಲ್ಲಿ ಹೇಳಿದ್ದಾರೆ, ನನಗೆ ಸಂಬಳ 9 ಲಕ್ಷ, ಶೇರಿನ ಲಾಭಕ್ಕೂ ಇಲ್ಲ’ ಅಂತ ನಿಶ್ಚಿಂತೆಯಿಂದ ಇರುವವರು ಬಹಳ ಜನ. ಸಂಬಳದ ತೆರಿಗೆ ರಿಬೇಟ್‌ನಲ್ಲಿ ಹೋಗುತ್ತದೆ, ನಿಜ. ಆದರೆ ಶೇರಿನ ಲಾಭಕ್ಕೆ ಬೀಳುವ ಶೇಕಡ 20 ಮತ್ತು 12.5ರ ತೆರಿಗೆಗೆ ಆ ರಿಬೇಟ್ ಸಿಗುವುದಿಲ್ಲ. ಸಂಬಳ 9 ಲಕ್ಷ, ಅಲ್ಪಾವಧಿ ಲಾಭ 80,000 ಇರುವವರು 16,640 ಕಟ್ಟಲೇಬೇಕು. ನಷ್ಟ ಮಾರುವ ಲೆಕ್ಕ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥವರಿಗೆ, ಇವರೇ ಅದನ್ನು ಮಾಡುವುದಿಲ್ಲ.

ನಷ್ಟ ಮುಂದಕ್ಕೆ ಒಯ್ಯುವ ಮಾತು ಬಾಕಿ ಇತ್ತು. ಈ ವರ್ಷ ತಿನ್ನಲು ಲಾಭ ಸಾಲದಿದ್ದರೆ ಉಳಿದ ನಷ್ಟವನ್ನು 8 ವರ್ಷ ಇಟ್ಟುಕೊಳ್ಳಬಹುದು. ಅದಕ್ಕೆ ರಿಟರ್ನ್ ಗಡುವಿನೊಳಗೆ ಹಾಕಿರಬೇಕು. ದಂಡ ಕಟ್ಟಿ ತಡವಾಗಿ ಹಾಕಿದ ರಿಟರ್ನ್‌ನಲ್ಲಿ ಆ ವರ್ಷದ ಬಂಡವಾಳ ನಷ್ಟ ಮುಂದಕ್ಕೆ ಹೋಗುವುದಿಲ್ಲ. ಸಂಬಳದವರು ಹಾಕುವ ಐಟಿಆರ್-1ರಲ್ಲೂ ಆಗುವುದಿಲ್ಲ, ಐಟಿಆರ್-2 ಬೇಕು, ವ್ಯಾಪಾರ ಇದ್ದರೆ ಐಟಿಆರ್-3. ಹಾಕಿದ ಮೇಲೆ ‘ಶೆಡ್ಯೂಲ್ ಸಿಎಫ್‌ಎಲ್’ ತೆಗೆದು ಆ ಮೊತ್ತ ಕೂತಿದೆಯಾ ನೋಡಿಕೊಳ್ಳಿ. ಮುಂದಕ್ಕೆ ಹೋದ ನಷ್ಟಕ್ಕೂ ಹಳೆಯ ಚಾಳಿ ಬಿಡುವುದಿಲ್ಲ. ಮುಂದಿನ ವರ್ಷ 1.25 ಲಕ್ಷದೊಳಗಿನ ದೀರ್ಘಾವಧಿ ಲಾಭ ಬಂದರೆ ಅದನ್ನೂ ತಿಂದೇ ತಿನ್ನುತ್ತದೆ. ಹಾಗಾಗಿ ಲಾಭ ಇಲ್ಲದ ವರ್ಷದಲ್ಲಿ ಸುಮ್ಮನೆ ನಷ್ಟ ಕೂಡಿಡುವುದಕ್ಕೆ ನಾನು ಹೇಳುವುದಿಲ್ಲ. 12 ತಿಂಗಳು ತುಂಬಲು ಬಂದ ಅಲ್ಪಾವಧಿ ನಷ್ಟ ಇದ್ದು, ಮುಂದೆ ಶೇಕಡ 20ರ ಲಾಭ ಬರುವುದು ಖಚಿತ ಅಂತ ಅನ್ನಿಸಿದರೆ ಮಾತ್ರ ಸರಿ.

ಕೊನೆಗೆ ಇಬ್ಬರು ಪ್ರಶ್ನೆ ಕೇಳಿದರು.

“ನಾ ಮಾರಿ, ಅವತ್ತೇ ನಮ್ಮ ಮನಿಯಾಕಿ ಹೆಸರಿನ್ಯಾಗ ತಗೊಂಡ್ರ ನಡೀತದೇನ್ರಿ? ರಾತ್ರಿ ರೇಟ್ ಏರೋ ಚಿಂತಿ ಇರಂಗಿಲ್ಲ.”

ಶೇರು ನಿಮ್ಮ ಡಿಮ್ಯಾಟ್‌ನಿಂದ ಹೊರಗೆ ಹೋಗುವುದರಿಂದ ಅದು ಇಂಟ್ರಾಡೇ ಆಗುವುದಿಲ್ಲ. ಆದರೆ ಅವರು ಕೊಳ್ಳುವ ದುಡ್ಡು ನೀವು ಕೊಟ್ಟದ್ದಾದರೆ, ಆ ಶೇರಿನ ಡಿವಿಡೆಂಡ್, ಮುಂದೆ ಬರುವ ಲಾಭ ಎರಡನ್ನೂ ನಿಮ್ಮ ಆದಾಯಕ್ಕೇ ಕೂಡಿಸುತ್ತಾರೆ. ಅದನ್ನು ವರ್ಷ ವರ್ಷ ನೆನಪಿಟ್ಟು ನಿಮ್ಮ ರಿಟರ್ನ್‌ನಲ್ಲಿ ತೋರಿಸಬೇಕು. ಒಂದು ರಾತ್ರಿಯ ಚಿಂತೆ ತಪ್ಪಿಸಲು ಅಷ್ಟು ವರ್ಷದ ಲೆಕ್ಕ ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಬ್ಬರದ್ದು, “ಮಾರ್ಚ್ 31ಕ್ಕ ಮಾರಿದ್ರ ಈ ವರ್ಷಕ್ಕ ಬರ್ತದಲ್ರಿ?”

ಮಾರುಕಟ್ಟೆ ತೆರೆದಿದ್ದರೆ ತಾನೇ. 2025ರ ಮಾರ್ಚ್ 31 ಸೋಮವಾರ, ರಂಜಾನ್ ಹಬ್ಬದ ರಜೆ. ಹಿಂದಿನ ಎರಡು ದಿನ ಶನಿವಾರ, ಭಾನುವಾರ. ಆ ವರ್ಷಕ್ಕೆ ಮಾರುವವರಿಗೆ 28ರ ಶುಕ್ರವಾರವೇ ಕಡೇ ದಿನ ಆಯಿತು. ರಜೆ ಇಲ್ಲದಿದ್ದರೂ 31ಕ್ಕೆ ಮಾರಿದ ಶೇರು ಖಾತೆಯಿಂದ ಹೋಗುವುದು ಮರುದಿನ, ಅಂದರೆ ಹೊಸ ಹಣಕಾಸು ವರ್ಷದಲ್ಲಿ. ಕಾಂಟ್ರ್ಯಾಕ್ಟ್ ನೋಟ್‌ನ ತಾರೀಖೇ ಮಾರಾಟದ ತಾರೀಖು ಅಂತ ವಾದಿಸಬಹುದು, ಆದರೆ ನಿಮ್ಮ ವ್ಯವಹಾರಗಳನ್ನು ಪಟ್ಟಿಮಾಡುವ ಇಲಾಖೆಯ ಎಐಎಸ್‌ನಲ್ಲಿ ಬೇರೆ ತಾರೀಖು ಬಂದರೆ ಪತ್ರ ಬರೆಯುತ್ತಾ ಕೂರುವವರು ನೀವೇ. 25ರೊಳಗೆ ಮಾರಿ, ಮಾರುಕಟ್ಟೆ ಮುಂದೆ ತೆರೆಯುವ ದಿನ ಬೇಕಿದ್ದರೆ ಕೊಂಡು, ಆಮೇಲೆ ವರದಿ ತೆಗೆದು ನೋಡಿ. ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಸರಿಮಾಡಲು ಆಗಲೂ ಒಂದೆರಡು ದಿನ ಇರುತ್ತದೆ.